ಫೋನಿನಲ್ಲೇ ಇರುವ ಕೆಲಸಕ್ಕೆ ಇನ್ನೊಂದು ಆ್ಯಪ್ ಯಾಕೆ?

ಹೋದ ತಿಂಗಳು ಊರಿಂದ ನಮ್ಮ ಅತ್ತಿಗೆ ಬಂದಿದ್ದರು. ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು, ಹಳೇ ಬಿನ್ನಿ ಮಿಲ್ಲಿನ ಜಾಗದಲ್ಲಿ ಎದ್ದಿರುವ ಅಪಾರ್ಟ್‌ಮೆಂಟುಗಳನ್ನು ನೋಡುತ್ತಾ ಬಂದು ಬಿನ್ನಿಪೇಟೆಯ ನಮ್ಮ ರೂಮಿನ ಮೆಟ್ಟಿಲು ಹತ್ತಿದವರು, ಕೈಚೀಲ ಇಡುವ ಮೊದಲೇ ಫೋನನ್ನು ನನ್ನ ಕೈಗಿಟ್ಟರು. "ನೋಡಪ್ಪ, ಇದಕ್ಕೇನೋ ಆಗಿದೆ. ಎಲ್ಲಿ ಮುಟ್ಟಿದರೂ ಜಾಹೀರಾತು. ಸಂಜೆ ಹೊತ್ತಿಗೆ ಬ್ಯಾಟರಿ ಇರಲ್ಲ."

ಫೋನ್ ತೆರೆದೆ. ಪರದೆಯ ಬಲಗಡೆ ಅಂಚಿನಲ್ಲಿ ಒಂದು ದುಂಡನೆಯ ಗುರುತು ತೇಲುತ್ತಿತ್ತು. ಯಾವ ಆ್ಯಪ್ ತೆರೆದರೂ ಅದರ ಮೇಲೇ ಕೂತಿರುತ್ತೆ. ವಾಟ್ಸ್ಆ್ಯಪ್ ತೆರೆದರೂ ಇದೆ, ಹಣ ಕಳಿಸುವ ಆ್ಯಪ್ ತೆರೆದರೂ ಇದೆ. ಅದು ಸ್ಕ್ರೀನ್‌ಶಾಟ್ ತೆಗೆಯುವ, ಸ್ಕ್ರೀನ್ ವಿಡಿಯೋ ಮಾಡುವ ಒಂದು ಆ್ಯಪ್. ಯಾರೋ ಯೂಟ್ಯೂಬಿನಲ್ಲಿ "ಫೋನಿನ ಸ್ಕ್ರೀನ್‌ಶಾಟ್ ವೇಸ್ಟ್, ಇದನ್ನ ಹಾಕ್ಕೊಳ್ಳಿ" ಅಂದಿದ್ದರಂತೆ. ಅತ್ತಿಗೆ ಹಾಕಿಕೊಂಡಿದ್ದರು.

ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಅವರಿಗೆ ಸ್ಕ್ರೀನ್‌ಶಾಟ್ ಅಂದರೆ ಆಟವಲ್ಲ, ದಿನದ ಕೆಲಸ. ಮಹಿಳಾ ಸಂಘದ ಲೆಕ್ಕ ಬರೆಯುವವರು ಅವರೇ. ಯಾರು ಕಂತು ಕಟ್ಟಿದರು, ಯಾರದು ಬಾಕಿ, ಯಾರ ದುಡ್ಡು ಇನ್ನೊಬ್ಬರ ಖಾತೆಯಿಂದ ಬಂತು ಅನ್ನುವುದೆಲ್ಲ ದಿನವೂ ಚಿತ್ರವಾಗಿ ಗುಂಪಿಗೆ ಹೋಗಬೇಕು. ಹಾಲಿನ ಡೇರಿಯ ಲೆಕ್ಕ ನೋಡುವವರು, ಬೆಳೆವಿಮೆಯ ಅರ್ಜಿ ಎಲ್ಲಿಗೆ ಬಂತೆಂದು ನೋಡುವವರು, ಮಗನ ಹಾಸ್ಟೆಲ್ ಅರ್ಜಿ ತುಂಬುವವರು, ಇವರಿಗೆಲ್ಲ ಇದೇ ಕೆಲಸ. ಅದಕ್ಕೇ ಈ ಜಗಳವನ್ನು ಸಣ್ಣದು ಅಂತ ನಾನು ಒಪ್ಪುವುದಿಲ್ಲ. ದಿನಕ್ಕೆ ಹತ್ತು ಸಲ ನಿಮ್ಮ ಪರದೆಯ ಚಿತ್ರ ತೆಗೆಯುವ ಕೈ ಯಾರದ್ದು ಅನ್ನುವುದು ನಿಮ್ಮ ಬೀರುವಿನ ಕೀಲಿ ಯಾರ ಹತ್ತಿರ ಇದೆ ಅನ್ನುವಷ್ಟೇ ದೊಡ್ಡ ವಿಷಯ.

ನನ್ನ ಮಾತು ಇಷ್ಟು: ಫೋನಿನಲ್ಲಿ ಮಾಡುವ ದಿನದ ಕೆಲಸಕ್ಕೆ ಫೋನಿನ ಜೊತೆ ಬಂದಿರುವ ಸ್ಕ್ರೀನ್‌ಶಾಟ್ ಸಾಕು. ಹೊರಗಿನ ಆ್ಯಪ್ ಬೇಡ. ಕಂಪ್ಯೂಟರಿನ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ನನ್ನ ರೂಮಿನ ಗೆಳೆಯ ಇದನ್ನು ಒಪ್ಪುವುದಿಲ್ಲ. ಅವನ ವಾದ: "ಫೋನ್ ಕಂಪನಿಯವರು ಅರೆಬರೆ ಕೊಟ್ಟಿರುತ್ತಾರೆ. ಪೂರ್ತಿ ಕೆಲಸ ಮಾಡುವವರಿಗೆ ಪೂರ್ತಿ ಸಾಮಾನು ಬೇಕು." ಅವತ್ತು ರಾತ್ರಿ ಊಟ ಆದ ಮೇಲೆ ಒಂದೂವರೆ ಗಂಟೆ ಇದೇ ನಡೆಯಿತು. ಅತ್ತಿಗೆ ನಡುವೆ ಕೂತು ಇಬ್ಬರ ಮುಖವನ್ನೂ ನೋಡುತ್ತಿದ್ದರು.

ನಾನು ಅತ್ತಿಗೆಯನ್ನೇ ಕೇಳಿದೆ: "ಆ ಆ್ಯಪಿನಲ್ಲಿ ನೀವು ನಿಜವಾಗಿ ಏನೇನು ಮಾಡ್ತೀರಿ ಹೇಳಿ ಅತ್ತಿಗೆ." ಅವರು ಬೆರಳು ಮಡಚಿ ಹೇಳಿದರು. ತಿಂಗಳ ಲೆಕ್ಕದ ಉದ್ದ ಪಟ್ಟಿಯನ್ನು ಒಂದೇ ಚಿತ್ರ ಮಾಡುವುದು. ಬಂದ ದುಡ್ಡಿನ ಸಾಲಿಗೆ ಕೆಂಪು ಸುತ್ತು ಹಾಕುವುದು. ಖಾತೆ ನಂಬರ್ ಮುಚ್ಚುವುದು. ಒಮ್ಮೊಮ್ಮೆ ಸಂಘದ ಹುಡುಗಿಯರಿಗೆ "ಹೀಗೆ ಒತ್ತಿ" ಅಂತ ತೋರಿಸಲು ಪರದೆಯ ವಿಡಿಯೋ ಮಾಡುವುದು. ಆ ಆ್ಯಪಿನಲ್ಲಿ ನಲವತ್ತು ಬಗೆ ಇರಬಹುದು, ಅತ್ತಿಗೆಗೆ ಬೇಕಾಗಿದ್ದು ನಾಲ್ಕು.

ನಾಲ್ಕೂ ಅವರ ಫೋನಿನಲ್ಲೇ ಇದ್ದವು. ಪವರ್ ಬಟನ್ ಮತ್ತು ಸೌಂಡ್ ಕಡಿಮೆ ಮಾಡುವ ಬಟನ್ ಎರಡನ್ನೂ ಒಟ್ಟಿಗೆ ಒತ್ತಿದೆ. ಚಿತ್ರ ಬಂದು ಕೆಳಗಡೆ ಮೂಲೆಯಲ್ಲಿ ಚಿಕ್ಕದಾಗಿ ಕೂತಿತು. ಅದರ ಪಕ್ಕದಲ್ಲೇ `Capture more` ಅನ್ನುವ ಬಟನ್. ಒತ್ತಿದರೆ ಪುಟದ ಉಳಿದ ಭಾಗ ಕೆಳಕ್ಕೆ ಬಿಚ್ಚಿಕೊಳ್ಳುತ್ತದೆ. ಅಂಚನ್ನು ಬೆರಳಿನಿಂದ ಎಳೆದು ಎಲ್ಲಿಗೆ ನಿಲ್ಲಬೇಕೋ ಅಲ್ಲಿಗೆ ನಿಲ್ಲಿಸಬಹುದು. ಕೆಲವು ಕಂಪನಿಯ ಫೋನಿನಲ್ಲಿ ಇದೇ ಕೆಲಸಕ್ಕೆ `Scroll` ಅಂತ ಬರೆದಿರುತ್ತದೆ, ಸ್ಯಾಮ್‌ಸಂಗ್‌ನಲ್ಲಿ ಕೆಳಮುಖದ ಬಾಣದ ಗುರುತು ಇರುತ್ತದೆ. ಆ ಚಿಕ್ಕ ಚಿತ್ರ ಕಾಣುವುದು ಕೆಲವೇ ಸೆಕೆಂಡು. ಅಷ್ಟರೊಳಗೆ ಒತ್ತದಿದ್ದರೆ ಮಾಯ. ಅತ್ತಿಗೆ ಮೂರು ವರ್ಷದಿಂದ ಆ ಮೂಲೆಯ ಚಿತ್ರವನ್ನು ನೋಡುತ್ತಿದ್ದರು, ಅದನ್ನು ಒತ್ತಬಹುದು ಅಂತ ಯಾರೂ ಹೇಳಿರಲಿಲ್ಲ. ನನ್ನ ಸಿಟ್ಟು ಇರುವುದು ಇಲ್ಲಿ. ಹೊಸ ಆ್ಯಪ್ ಹಾಕಿಕೊಳ್ಳಿ ಅನ್ನುವವರು ಸಾವಿರ ಜನ, ಕೈಯಲ್ಲಿರುವುದನ್ನು ತೋರಿಸುವವರು ಒಬ್ಬರೂ ಇಲ್ಲ.

ವಿಡಿಯೋ ಕೂಡ ಅಷ್ಟೇ. ಪರದೆಯ ಮೇಲಿನಿಂದ ಬೆರಳನ್ನು ಎರಡು ಸಲ ಕೆಳಕ್ಕೆ ಎಳೆದರೆ ವೈಫೈ, ಟಾರ್ಚ್ ಎಲ್ಲ ಇರುವ ಚೌಕಗಳು ಬರುತ್ತವಲ್ಲ, ಅಲ್ಲೇ `Screen record` ಇದೆ. ಕಾಣದಿದ್ದರೆ ಪೆನ್ಸಿಲ್ ಗುರುತು ಒತ್ತಿ, ಕೆಳಗಿನ ಸಾಲಿನಿಂದ ಎಳೆದು ಮೇಲೆ ಸೇರಿಸಿಕೊಳ್ಳಬೇಕು. ಶುರು ಮಾಡುವ ಮೊದಲು ದನಿ ಬೇಕೋ ಬೇಡವೋ ಅಂತ ಕೇಳುತ್ತದೆ. ಬೆರಳು ಎಲ್ಲಿ ಮುಟ್ಟುತ್ತಿದೆ ಅನ್ನುವುದನ್ನು ಚುಕ್ಕೆಯಾಗಿ ತೋರಿಸುವ ಆಯ್ಕೆಯೂ ಬಹಳ ಫೋನುಗಳಲ್ಲಿ ಇದೆ. ಹೇಳಿಕೊಡುವ ವಿಡಿಯೋಗೆ ಅದೊಂದು ಇದ್ದರೆ ಅರ್ಧ ಮಾತು ಉಳಿಯುತ್ತದೆ. ರೆಕಾರ್ಡ್ ಮಾಡುವ ಮೊದಲು `Do Not Disturb` ಹಾಕಿಕೊಳ್ಳಿ. ಇಲ್ಲದಿದ್ದರೆ ನಡುವೆ ಬಂದ ಒಟಿಪಿ ಮೇಲಿನಿಂದ ಇಳಿದು ವಿಡಿಯೋದಲ್ಲಿ ಕೂತುಬಿಡುತ್ತದೆ, ನೀವು ಅದನ್ನು ಊರಿಗೆಲ್ಲ ಹಂಚುತ್ತೀರಿ.

ಗೆಳೆಯ ಹೇಳುವ "ಅರೆಬರೆ" ಅನ್ನುವ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ಅದನ್ನು ನಾನೂ ಒಪ್ಪುತ್ತೇನೆ. ಆಂಡ್ರಾಯ್ಡ್ ಫೋನಿನಲ್ಲಿ ಎರಡು ಬಟನ್ ಒತ್ತಿ ಸ್ಕ್ರೀನ್‌ಶಾಟ್ ತೆಗೆಯುವ ಏರ್ಪಾಡು ಬಂದದ್ದೇ 2011ರಲ್ಲಿ, ನಾಲ್ಕನೇ ಆಂಡ್ರಾಯ್ಡ್ ಜೊತೆಗೆ. 2014ರಲ್ಲಿ ಬಂದ ಐದನೇ ಆಂಡ್ರಾಯ್ಡ್ ಹೊರಗಿನ ಆ್ಯಪುಗಳಿಗೂ, ನಮ್ಮನ್ನು ಕೇಳಿ ಪರದೆಯನ್ನು ಹಿಡಿಯುವ ದಾರಿ ತೆರೆಯಿತು. ಫೋನಿನಲ್ಲಿ ಮಾತ್ರ ವಿಡಿಯೋ ಇಲ್ಲ, ಉದ್ದ ಚಿತ್ರ ಇಲ್ಲ. ಆ ಸಂದಿಯಲ್ಲೇ ನೂರಾರು ಆ್ಯಪ್ ಹುಟ್ಟಿಕೊಂಡವು, ಜನ ರೂಢಿ ಮಾಡಿಕೊಂಡರು. ಕೆಲವು ಕಂಪನಿಗಳು ತಮ್ಮ ಫೋನಿನಲ್ಲಿ ಮೊದಲೇ ಇವನ್ನು ಸೇರಿಸಿದ್ದವು. ಉಳಿದವಕ್ಕೂ 2020ರ ಆಂಡ್ರಾಯ್ಡ್ 11ರಲ್ಲಿ ಸ್ಕ್ರೀನ್ ವಿಡಿಯೋ ಬಂತು, 2021ರ ಆಂಡ್ರಾಯ್ಡ್ 12ರಲ್ಲಿ ಉದ್ದ ಸ್ಕ್ರೀನ್‌ಶಾಟ್ ಬಂತು. ಸಂದಿ ಮುಚ್ಚಿಹೋಗಿ ಬಹಳ ದಿನ ಆಯಿತು. ಬಾವಿಗೆ ಮೋಟಾರು ಕೂರಿಸಿದ ಮೇಲೂ ಏತದವನಿಗೆ ಕೂಲಿ ಕೊಡುತ್ತಿದ್ದೇವೆ.

ಆ ಕೂಲಿ ಏನು ಅಂತ ಈಗ ನೋಡೋಣ. ಸ್ಕ್ರೀನ್ ಹಿಡಿಯುವ ಆ್ಯಪ್ ಕೆಲಸ ಶುರು ಮಾಡುವಾಗ ಫೋನ್ ಒಂದು ಎಚ್ಚರಿಕೆ ತೋರಿಸುತ್ತದೆ. ನಾವು ಓದದೆ ಒತ್ತುವ ಎಚ್ಚರಿಕೆ. ಅದರ ಸಾರ ಇಷ್ಟು: ರೆಕಾರ್ಡ್ ನಡೆಯುವಾಗ ಪರದೆಯ ಮೇಲೆ ಕಾಣುವುದೆಲ್ಲ, ಪಾಸ್‌ವರ್ಡ್, ಹಣದ ವಿವರ, ಫೋಟೋ, ಮೆಸೇಜು, ಫೋನಿನಲ್ಲಿ ಕೇಳುವ ದನಿ, ಎಲ್ಲವೂ ಈ ಆ್ಯಪಿಗೆ ಸಿಗುತ್ತದೆ. ಇದರ ಜೊತೆ ತೇಲುವ ಬಟನ್ನಿಗಾಗಿ ಬೇರೆ ಆ್ಯಪುಗಳ ಮೇಲೆ ಕಾಣಿಸಿಕೊಳ್ಳುವ ಅನುಮತಿ, ದನಿಗಾಗಿ ಮೈಕು, ಉಳಿಸಲು ಫೈಲುಗಳು. ಇವೆಲ್ಲ ಆ ಕೆಲಸಕ್ಕೆ ಬೇಕಾದವೇ, ಅನುಮಾನ ಪಡುವಂಥದ್ದೇನಲ್ಲ ಅನ್ನಿಸುತ್ತದೆ. ತೊಂದರೆ ಇರುವುದೇ ಹಾಗೆ ಅನ್ನಿಸುವುದರಲ್ಲಿ.

ಇದಕ್ಕೆ ಒಂದು ನಡೆದ ಕತೆ ಇದೆ. ಐರೆಕಾರ್ಡರ್ ಅನ್ನುವ ಒಂದು ಸ್ಕ್ರೀನ್ ರೆಕಾರ್ಡರ್ ಆ್ಯಪ್ 2021ರ ಸೆಪ್ಟೆಂಬರಿನಲ್ಲಿ ಗೂಗಲ್ ಪ್ಲೇ ಸ್ಟೋರಿಗೆ ಬಂತು. ಬಂದಾಗ ಅದರಲ್ಲಿ ಯಾವ ದೋಷವೂ ಇರಲಿಲ್ಲ. ಪರದೆ ರೆಕಾರ್ಡ್ ಮಾಡುತ್ತಿತ್ತು, ಜನ ಖುಷಿಯಾಗಿದ್ದರು, 50,000ಕ್ಕೂ ಹೆಚ್ಚು ಸಲ ಇಳಿಸಿಕೊಂಡಿದ್ದರು. ಹೆಚ್ಚುಕಡಿಮೆ ಒಂದು ವರ್ಷದ ಮೇಲೆ, 2022ರ ಆಗಸ್ಟ್ ಹೊತ್ತಿಗೆ, ಒಂದು ಅಪ್‌ಡೇಟಿನಲ್ಲಿ ಕದಿಯುವ ತುಣುಕು ಸೇರಿಕೊಂಡಿತು. ಅಂದಿನಿಂದ ಅದು ಹದಿನೈದು ನಿಮಿಷಕ್ಕೊಮ್ಮೆ ಮೈಕಿನಿಂದ ಒಂದು ನಿಮಿಷ ದನಿ ಹಿಡಿದು ಬೇರೆ ಕಡೆಗೆ ಕಳಿಸುತ್ತಿತ್ತು. ಫೋನಿನಲ್ಲಿದ್ದ ಫೋಟೋ, ಕಾಗದಪತ್ರದ ಫೈಲುಗಳನ್ನೂ ಸಾಗಿಸುವ ಶಕ್ತಿ ಅದಕ್ಕಿತ್ತು. ಇಸೆಟ್ ಅನ್ನುವ ಭದ್ರತಾ ಕಂಪನಿಯವರು ಇದನ್ನು ಪತ್ತೆಹಚ್ಚಿ, 2023ರ ಮೇ ತಿಂಗಳಲ್ಲಿ ವಿವರವಾಗಿ ಬರೆದರು. ಆ ಹೊತ್ತಿಗೆ ಗೂಗಲ್ ಅದನ್ನು ಸ್ಟೋರಿನಿಂದ ತೆಗೆದಿತ್ತು.

ಇಲ್ಲಿ ನನ್ನನ್ನು ಕಾಡುವುದು ಕಳ್ಳತನ ಅಲ್ಲ, ಅದು ನಡೆದ ರೀತಿ. ಆ ಆ್ಯಪ್ ಹೊಸದಾಗಿ ಯಾವ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ. ಸ್ಕ್ರೀನ್ ರೆಕಾರ್ಡರಿಗೆ ಮೈಕು ಬೇಕು, ಫೈಲು ಬೇಕು, ಅದನ್ನು ನಾವೇ ಮೊದಲ ದಿನ ಕೊಟ್ಟಿದ್ದೆವು. ಒಳ್ಳೆ ಕೆಲಸಕ್ಕೆ ಕೊಟ್ಟ ಬೀಗದ ಕೈಯೇ ಕೆಟ್ಟ ಕೆಲಸಕ್ಕೂ ಸಾಕಾಯಿತು. ಹಾಗಾಗಿ "ಪ್ಲೇ ಸ್ಟೋರಿನಲ್ಲಿದೆ, ರೇಟಿಂಗ್ ಚೆನ್ನಾಗಿದೆ, ಒಂದು ವರ್ಷದಿಂದ ವಾಡ್ತಿದ್ದೀನಿ, ಏನೂ ಆಗಿಲ್ಲ" ಅನ್ನುವ ಮೂರೂ ಸಮಾಧಾನಗಳು ಈ ಕತೆಯಲ್ಲಿ ಕೈಕೊಟ್ಟವು. ಎಲ್ಲ ಸ್ಕ್ರೀನ್‌ಶಾಟ್ ಆ್ಯಪುಗಳೂ ಹೀಗೇ ಅಂತ ನಾನು ಹೇಳುತ್ತಿಲ್ಲ, ಬಹುಪಾಲು ಬರೀ ಜಾಹೀರಾತಿನಿಂದ ಹೊಟ್ಟೆ ಹೊರೆಯುವಂಥವು. ಆದರೆ ಯಾವುದು ಯಾವಾಗ ತಿರುಗಿಬೀಳುತ್ತದೆ ಅಂತ ತಿಳಿಯಲು ಅತ್ತಿಗೆಗೂ ದಾರಿಯಿಲ್ಲ, ನನಗೂ ಇಲ್ಲ.

"ಅದಕ್ಕೇ ಹೊಸ ಆಂಡ್ರಾಯ್ಡಿನಲ್ಲಿ ಪ್ರತಿ ಸಲವೂ ಕೇಳುತ್ತೆ ಕಣೋ" ಅಂದ ಗೆಳೆಯ. ಸರಿ, 2023ರ ಆಂಡ್ರಾಯ್ಡ್ 14ರಿಂದ ಹೊರಗಿನ ಆ್ಯಪ್ ಪರದೆ ಹಿಡಿಯುವಾಗ ಪ್ರತಿ ಸಲವೂ ನಿಮ್ಮ ಒಪ್ಪಿಗೆ ಕೇಳಬೇಕು. ಒಳ್ಳೆಯದೇ. ಆದರೆ ಅದರ ಅರ್ಥ ಏನು? ಎರಡು ಬಟನ್ ಒತ್ತಿದರೆ ಆಗುವ ಕೆಲಸಕ್ಕೆ ಈಗ ತೇಲುವ ಗುರುತು ಒತ್ತಿ, ಒಪ್ಪಿಗೆ ಕೊಟ್ಟು, ಜಾಹೀರಾತು ಮುಚ್ಚಿ ಮುಂದೆ ಹೋಗಬೇಕು. ಮೈಕಿನ ಮತ್ತು ಫೈಲಿನ ಅನುಮತಿಗೆ ಈ ಹೊಸ ಕಟ್ಟು ತಾಗುವುದೇ ಇಲ್ಲ.

ಇನ್ನೊಂದು ದೊಡ್ಡ ಭ್ರಮೆ ಇದೆ. "ಬ್ಯಾಂಕ್ ಆ್ಯಪಿನಲ್ಲಿ ಫೋನಿನ ಸ್ಕ್ರೀನ್‌ಶಾಟ್ ಬರಲ್ಲ, ಅದಕ್ಕೇ ಬೇರೆ ಆ್ಯಪ್ ಬೇಕು." ಬಹಳ ಜನ ಇದೊಂದೇ ಕಾರಣಕ್ಕೆ ಹೊರಗಿನ ಆ್ಯಪ್ ಹುಡುಕಿಕೊಂಡು ಹೋಗುತ್ತಾರೆ. ಬ್ಯಾಂಕಿನ ಆ್ಯಪ್ ಬರೆದವರು ತಮ್ಮ ಪುಟಕ್ಕೆ `FLAG_SECURE` ಅನ್ನುವ ಒಂದು ಗುರುತು ಹಾಕಿರುತ್ತಾರೆ. ಆ ಗುರುತು ಇರುವ ಪುಟವನ್ನು ಆಂಡ್ರಾಯ್ಡ್ ಯಾವ ಚಿತ್ರಕ್ಕೂ ಕೊಡುವುದಿಲ್ಲ. ಫೋನಿನ ಸ್ಕ್ರೀನ್‌ಶಾಟ್ ತೆಗೆದರೆ ಆಗುವುದಿಲ್ಲ ಅನ್ನುವ ಮಾತು ಬರುತ್ತದೆ, ಹೊರಗಿನ ಆ್ಯಪಿನಿಂದ ತೆಗೆದರೆ ಕಪ್ಪು ಪರದೆ ಬರುತ್ತದೆ. ಎರಡಕ್ಕೂ ಬಾಗಿಲು ಒಂದೇ, ಬೀಗವೂ ಒಂದೇ. ಈ ಬೀಗ ಮುರಿಯುತ್ತೇನೆ ಅಂತ ಯಾವುದಾದರೂ ಆ್ಯಪ್ ಹೇಳಿದರೆ ಅದನ್ನು ಹಾಕಿಕೊಳ್ಳದೇ ಇರಲು ಅದೇ ಒಳ್ಳೆ ಕಾರಣ.

ನಿಜ ಹೇಳಬೇಕೆಂದರೆ ಅಲ್ಲಿ ಸ್ಕ್ರೀನ್‌ಶಾಟ್ ಬೇಕಾಗಿಯೇ ಇಲ್ಲ. ಬ್ಯಾಂಕಿನ ಆ್ಯಪಿನಲ್ಲಿ ಸಾಮಾನ್ಯವಾಗಿ ಸ್ಟೇಟ್‌ಮೆಂಟನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ಯುಪಿಐ ಹಣಕ್ಕಾದರೆ ಹನ್ನೆರಡು ಅಂಕಿಯ ಯುಟಿಆರ್ ನಂಬರ್ ಇರುತ್ತದೆ. ಅತ್ತಿಗೆಗೆ ನಾನು ಹೇಳಿದ್ದು, ಸಂಘದ ಪುಸ್ತಕದಲ್ಲಿ ಆ ನಂಬರನ್ನೇ ಬರೆದುಕೊಳ್ಳಿ ಅಂತ. "ಪೇಮೆಂಟ್ ಆಯ್ತು" ಅನ್ನುವ ಹಸಿರು ಚಿತ್ರವನ್ನು ಸುಳ್ಳುಸುಳ್ಳೇ ತಯಾರಿಸುವ ಆ್ಯಪುಗಳೂ ಇವೆ, ಅಂಗಡಿಯವರು ಮೋಸ ಹೋಗಿದ್ದಾರೆ. ಚಿತ್ರ ಸುಳ್ಳು ಹೇಳಬಹುದು, ನಿಮ್ಮ ಖಾತೆಗೆ ದುಡ್ಡು ಬಂತೋ ಇಲ್ಲವೋ ಅನ್ನುವುದನ್ನು ನಿಮ್ಮ ಖಾತೆಯನ್ನೇ ತೆರೆದು ನೋಡಬೇಕು. ಪಹಣಿಯೂ ಹಾಗೆಯೇ. ಭೂಮಿ ಜಾಲತಾಣದಲ್ಲಿ ಪಹಣಿ ನೋಡಿ ತೆಗೆದ ಸ್ಕ್ರೀನ್‌ಶಾಟ್ ನಿಮ್ಮ ತಿಳಿವಳಿಕೆಗೆ ಮಾತ್ರ. ಸಾಲಕ್ಕೋ ಕೋರ್ಟಿಗೋ ಬೇಕಾದರೆ ಶುಲ್ಕ ಕಟ್ಟಿ ಪಡೆದ ಪ್ರತಿಯೇ ಬೇಕು. ಎಷ್ಟು ಚೆಂದದ ಆ್ಯಪಿನಲ್ಲಿ ತೆಗೆದರೂ ಸ್ಕ್ರೀನ್‌ಶಾಟ್ ದಾಖಲೆ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಫೋನಿನ ಜೊತೆ ಬಂದದ್ದೆಲ್ಲ ಬಂಗಾರ ಅಂತ ನೀವು ಅಂದುಕೊಳ್ಳಬಾರದು. ಗೆಳೆಯ ಕೊನೆಗೆ ತೆಗೆದ ಅಸ್ತ್ರ ಅದೇ, ಅದು ಗಟ್ಟಿ ಅಸ್ತ್ರ. 2023ರ ಜನವರಿಯಲ್ಲಿ ಸೈಮನ್ ಆ್ಯರನ್ಸ್ ಮತ್ತು ಡೇವಿಡ್ ಬುಕಾನನ್ ಎಂಬಿಬ್ಬರು ಗೂಗಲ್‌ಗೆ ಒಂದು ತಪ್ಪನ್ನು ತಿಳಿಸಿದರು. ಗೂಗಲ್‌ನದೇ ಪಿಕ್ಸೆಲ್ ಫೋನಿನಲ್ಲಿ, ಫೋನಿನ ಜೊತೆಗೇ ಬರುವ ಚಿತ್ರ ತಿದ್ದುವ ಸಲಕರಣೆಯಲ್ಲಿ, ಸ್ಕ್ರೀನ್‌ಶಾಟನ್ನು ಕತ್ತರಿಸಿ ಉಳಿಸಿದರೆ ಕತ್ತರಿಸಿದ ಭಾಗ ಪೂರ್ತಿ ಹೋಗುತ್ತಿರಲಿಲ್ಲ. ಹಳೆ ಕ್ಯಾಸೆಟ್ ನೆನಪಿದೆಯಲ್ಲ? ಒಂದು ಗಂಟೆಯ ನಾಟಕ ಇದ್ದ ಕ್ಯಾಸೆಟ್ ಮೇಲೆ ಹತ್ತು ನಿಮಿಷದ ಹಾಡು ರೆಕಾರ್ಡ್ ಮಾಡಿದರೆ, ಹಾಡು ಮುಗಿದ ಮೇಲೆ ನಾಟಕದ ಬಾಲ ಕೇಳಿಸುತ್ತಿತ್ತು. ಅದೇ ಇಲ್ಲಿ ಆದದ್ದು. ಹೊಸ ಚಿಕ್ಕ ಚಿತ್ರವನ್ನು ಹಳೆ ದೊಡ್ಡ ಚಿತ್ರದ ಮೇಲೆ ಬರೆಯುತ್ತಿತ್ತು, ಹಳೆಯದರ ಬಾಲ ಫೈಲಿನೊಳಗೆ ಉಳಿಯುತ್ತಿತ್ತು. ಬಲ್ಲವರು ಆ ಬಾಲದಿಂದ ಮುಚ್ಚಿದ ಭಾಗವನ್ನು ಬಹುಮಟ್ಟಿಗೆ ತೆಗೆಯಬಹುದಾಗಿತ್ತು. ಆ ವರ್ಷ ಮಾರ್ಚಿನಲ್ಲಿ ಸುದ್ದಿ ಹೊರಗೆ ಬಂತು. ವಿಂಡೋಸ್ ಕಂಪ್ಯೂಟರಿನ ಸ್ನಿಪ್ಪಿಂಗ್ ಟೂಲಿನಲ್ಲೂ ಅದೇ ಬಗೆಯ ತಪ್ಪು ಸಿಕ್ಕಿತು. ಅದೇ ತಿಂಗಳಲ್ಲಿ ಎರಡನ್ನೂ ಸರಿಮಾಡಿದರು. ಆದರೆ ಅದಕ್ಕೆ ಮೊದಲು ಕತ್ತರಿಸಿ ಕಳಿಸಿದ ಚಿತ್ರಗಳನ್ನು ಯಾರೂ ವಾಪಸ್ ತರಲಾರರು.

ಇದನ್ನು ಕೇಳಿ ಅತ್ತಿಗೆ ಬೆಚ್ಚಿದರು. ನಾನು ಒಪ್ಪಿಕೊಂಡೆ: ಫೋನಿನದೂ ತಪ್ಪು ಮಾಡುತ್ತದೆ. ಆದರೂ ನನ್ನ ವಾದ ಬಿಡಲಿಲ್ಲ. ಫೋನಿನ ಸಲಕರಣೆಯ ತಪ್ಪು ತಪ್ಪೇ, ಅದು ಸಿಕ್ಕರೆ ಲೋಕವೆಲ್ಲ ಕೂಗುತ್ತದೆ, ಅಪ್‌ಡೇಟ್ ಬರುತ್ತದೆ. ಹೆಸರು ಗೊತ್ತಿಲ್ಲದವರ ಆ್ಯಪಿನಲ್ಲಿ ಇಂಥದ್ದೊಂದು ಇದೆಯೋ ಇಲ್ಲವೋ ನೋಡುವವರೇ ಇರುವುದಿಲ್ಲ.

ಮುಚ್ಚುವ ವಿಷಯದಲ್ಲಿ ನಿಜವಾದ ಅಪಾಯ ಇನ್ನೊಂದಿದೆ, ಅದಕ್ಕೆ ಯಾವ ಆ್ಯಪೂ ಕಾರಣವಲ್ಲ, ನಮ್ಮ ಕೈಯೇ ಕಾರಣ. ಅತ್ತಿಗೆ ಹಳೆ ಚಿತ್ರಗಳಲ್ಲಿ ಖಾತೆ ನಂಬರ್ ಮೇಲೆ ಕಪ್ಪು ಗೀಟು ಎಳೆದಿದ್ದರು. ಎಳೆದದ್ದು ಹೈಲೈಟರ್ ಪೆನ್ನಿನಲ್ಲಿ. ಹೈಲೈಟರ್ ಅಂದರೆ ಅರೆಪಾರದರ್ಶಕ, ತೆಳು ಸೀರೆಯ ಸೆರಗಿನ ಹಾಗೆ. ಎರಡು ಮೂರು ಸಲ ಎಳೆದರೆ ಕಣ್ಣಿಗೆ ಕಪ್ಪಾಗಿ ಕಾಣುತ್ತದೆ. ನಾನು ಅದೇ ಚಿತ್ರವನ್ನು ತೆರೆದು ಬ್ರೈಟ್‌ನೆಸ್ ಪೂರ್ತಿ ಏರಿಸಿದೆ, ಆಮೇಲೆ ಕಾಂಟ್ರಾಸ್ಟ್. ಗೀಟಿನ ಅಡಿಯಿಂದ ಅಂಕಿಗಳು ಒಂದೊಂದಾಗಿ ಮೇಲೆದ್ದವು. ಹನ್ನೊಂದರಲ್ಲಿ ಒಂಬತ್ತನ್ನು ಅತ್ತಿಗೆ ಗಟ್ಟಿಯಾಗಿ ಓದಿದರು. "ಅಯ್ಯೋ, ಇದನ್ನ ಗುಂಪಿಗೆ ಹಾಕಿದ್ದೀನಲ್ಲೋ!"

ಆದ್ದರಿಂದ ಮುಚ್ಚುವ ಬದಲು ಕತ್ತರಿಸಲು ಆಗುತ್ತದೆಯೇ ನೋಡಿ. ಆಗದಿದ್ದರೆ ಮಾಮೂಲಿ ಪೆನ್ನನ್ನು ಆರಿಸಿ, ಗಾತ್ರ ದೊಡ್ಡದು ಮಾಡಿ, ಅಂಕಿಗಳ ಮೇಲೆ ಗಟ್ಟಿ ಬಣ್ಣ ಬಳಿಯಿರಿ. ಮಸುಕು ಮಾಡುವುದನ್ನೂ ನಾನು ನಂಬುವುದಿಲ್ಲ, ಅಂಕಿಯ ಆಕಾರ ಅಲ್ಲಿ ಉಳಿದಿರುತ್ತದೆ. ಬಳಿದಾದ ಮೇಲೆ ಆ ಚಿತ್ರವನ್ನು ಪರದೆಯ ತುಂಬ ತೆರೆದು ಅದರದೇ ಇನ್ನೊಂದು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸಿ. ಹೊಸ ಫೈಲು ಅಂದರೆ ಹೊಸ ಕ್ಯಾಸೆಟ್, ಹಳೆಯದರ ಬಾಲ ಅದರಲ್ಲಿ ಇರಲು ಸಾಧ್ಯವಿಲ್ಲ. ಎರಡು ಸೆಕೆಂಡಿನ ಕೆಲಸ.

ಉದ್ದ ಚಿತ್ರಕ್ಕೂ ಒಂದು ತೊಡಕು ಇದೆ. ಅತ್ತಿಗೆ ತಿಂಗಳ ಪಟ್ಟಿಯ ಉದ್ದ ಚಿತ್ರ ತೆಗೆದು ವಾಟ್ಸ್ಆ್ಯಪಿಗೆ ಹಾಕಿದರೆ ಆ ಕಡೆಯವರಿಗೆ ಅಕ್ಷರ ಕಾಣುತ್ತಿರಲಿಲ್ಲ. ಅದಕ್ಕೇ ಅವರು "ಫೋನಿನದು ಸರಿಯಿಲ್ಲ" ಅಂತ ತೀರ್ಮಾನ ಮಾಡಿದ್ದು. ತಪ್ಪು ಸ್ಕ್ರೀನ್‌ಶಾಟಿನದಲ್ಲ. ಫೋಟೋ ಅಂತ ಕಳಿಸಿದರೆ ವಾಟ್ಸ್ಆ್ಯಪ್ ಅದರ ಗಾತ್ರ ಕುಗ್ಗಿಸುತ್ತದೆ, ಕುಗ್ಗಿಸುವಾಗ ಉದ್ದದ ಬದಿಯನ್ನು ನೋಡುತ್ತದೆ. ಹತ್ತು ಪರದೆ ಉದ್ದದ ಚಿತ್ರವನ್ನು ಒಂದು ಮಿತಿಗೆ ಇಳಿಸಿದರೆ ಅಗಲ ದಾರದಷ್ಟಾಗುತ್ತದೆ, ಅಕ್ಷರ ಇರುವೆಯಾಗುತ್ತದೆ. ಅದನ್ನೇ ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಹೋಗುತ್ತದೆ. ಇಲ್ಲದಿದ್ದರೆ ಮೂರು ಪರದೆಗೊಂದರಂತೆ ತುಂಡು ಮಾಡಿ. ಹೊರಗಿನ ಆ್ಯಪಿನಲ್ಲಿ ತೆಗೆದ ಉದ್ದ ಚಿತ್ರಕ್ಕೂ ವಾಟ್ಸ್ಆ್ಯಪ್ ಮಾಡುವುದು ಇದನ್ನೇ.

`Capture more` ಎಲ್ಲ ಕಡೆ ಬರುವುದಿಲ್ಲ ಅನ್ನುವುದೂ ನಿಜ. ಕೆಲವು ಆ್ಯಪುಗಳ ಪಟ್ಟಿ ಫೋನಿಗೆ ಅರ್ಥವಾಗುವ ರೀತಿಯಲ್ಲಿ ಉರುಳುವುದಿಲ್ಲ, ಅಲ್ಲಿ ಆ ಬಟನ್ನೇ ಕಾಣುವುದಿಲ್ಲ. ಅಂಥ ಕಡೆ ಒಂದೊಂದೇ ಪರದೆ ತೆಗೆಯಬೇಕು. ಹಿಂದಿನ ಚಿತ್ರದ ಕೊನೆಯ ಸಾಲು ಮುಂದಿನ ಚಿತ್ರದ ಮೊದಲ ಸಾಲಾಗಿ ಇರುವಂತೆ ತೆಗೆದರೆ ಓದುವವರಿಗೆ ನಡುವೆ ಏನೂ ಬಿಟ್ಟಿಲ್ಲ ಅಂತ ತಿಳಿಯುತ್ತದೆ. ಬೇಸರದ ಕೆಲಸ, ಒಪ್ಪಿದೆ. ತಿಂಗಳಿಗೊಮ್ಮೆಯ ಬೇಸರಕ್ಕೆ ಮೂವತ್ತು ದಿನದ ಕಾವಲುಗಾರನನ್ನು ಇಟ್ಟುಕೊಳ್ಳಬೇಕೇ?

ಈಗ ಕಂಪ್ಯೂಟರಿನ ಮಾತು, ಯಾಕೆಂದರೆ ಅಲ್ಲಿ ಗೆಳೆಯನೇ ಸರಿ. ಅವನ ಕೆಲಸ ಕಂಪನಿಗಳ ಸಾಫ್ಟ್‌ವೇರಿಗೆ "ಹೀಗೆ ಬಳಸಿ" ಅಂತ ಚಿತ್ರ ಸಮೇತ ಕೈಪಿಡಿ ಮಾಡುವುದು. ದಿನಕ್ಕೆ ನಲವತ್ತು ಐವತ್ತು ಚಿತ್ರ. ವಿಂಡೋಸಿನಲ್ಲಿ `Win + Shift + S` ಒತ್ತಿದರೆ ಬೇಕಾದ ಭಾಗ ಸಿಗುತ್ತದೆ, ಒಂದೆರಡು ಚಿತ್ರಕ್ಕೆ ಅದು ಬೇಕಾದಷ್ಟಾಯಿತು. ಐವತ್ತು ಚಿತ್ರಕ್ಕೆ ಪ್ರತಿ ಸಲ ಅಳತೆ ನೋಡಿ ಎಳೆಯುವುದು, 1, 2, 3 ಅಂತ ಕೈಯಲ್ಲಿ ಬರೆಯುವುದು, ಹೆಸರಿಟ್ಟು ಉಳಿಸುವುದು, ಹೀಗೆ ಮಾಡಿದರೆ ಮಧ್ಯಾಹ್ನವೇ ಮುಗಿದುಹೋಗುತ್ತದೆ. ಅವನು ಶೇರ್‌ಎಕ್ಸ್ ಬಳಸುತ್ತಾನೆ. ಅದು ಬಿಟ್ಟಿ, ಜಾಹೀರಾತಿಲ್ಲ, ಅದರ ಕೋಡು ಎಲ್ಲರೂ ಓದುವಂತೆ ತೆರೆದಿದೆ. ಹಿಂದಿನ ಸಲ ಹಿಡಿದ ಅದೇ ಅಳತೆಯ ಜಾಗವನ್ನು ಮತ್ತೆ ಹಿಡಿಯುತ್ತದೆ, ಒತ್ತಿದ ಕಡೆಯಲ್ಲೆಲ್ಲ ಮುಂದಿನ ಅಂಕಿಯನ್ನು ತಾನೇ ಕೂರಿಸುತ್ತದೆ, ನಾವು ಕೊಟ್ಟ ಮಾದರಿಯಲ್ಲೇ ಫೈಲಿಗೆ ಹೆಸರಿಡುತ್ತದೆ. ಅವನು ಹೆಸರಿಗೆ ಕೊಟ್ಟಿರುವ ಮಾದರಿ ಇದು:

```
%y-%mo-%d_%h-%mi-%s
```

ಅಂದರೆ ವರ್ಷ, ತಿಂಗಳು, ದಿನ, ಆಮೇಲೆ ಗಂಟೆ, ನಿಮಿಷ, ಸೆಕೆಂಡು. ಫೈಲುಗಳು ತೆಗೆದ ಕ್ರಮದಲ್ಲೇ ಸಾಲಾಗಿ ನಿಲ್ಲುತ್ತವೆ. ಇಂಥ ಕೆಲಸದವನಿಗೆ ಪೂರ್ತಿ ಸಾಮಾನು ಬೇಕು, ಅದರಲ್ಲಿ ನನಗೆ ತಕರಾರಿಲ್ಲ. ಒಂದು ಕಡೆ ಮಾತ್ರ ಕಣ್ಣಿಡಬೇಕು: ಅದರ `After capture tasks` ಪಟ್ಟಿಯಲ್ಲಿ `Upload image to host` ಅನ್ನುವ ಸಾಲಿದೆ. ಅದಕ್ಕೆ ಟಿಕ್ ಬಿದ್ದಿದ್ದರೆ ತೆಗೆದ ಚಿತ್ರ ಇಂಟರ್ನೆಟ್ಟಿಗೆ ಏರುತ್ತದೆ. ಬೇರೆಯವರ ಆಧಾರ್, ಪಹಣಿ ಎಲ್ಲ ಪರದೆಯ ಮೇಲಿರುವ ಸೈಬರ್ ಸೆಂಟರಿನಲ್ಲಿ ಕೂತು ಇದನ್ನು ಬಳಸುವವರಿದ್ದರೆ ಮೊದಲು ಅಲ್ಲಿ ಹೋಗಿ ಆ ಟಿಕ್ ಇದೆಯೋ ಇಲ್ಲವೋ ನೋಡಿ.

ಗೆಳೆಯನ ತಪ್ಪು ಒಂದೇ. ತನ್ನ ಮೇಜಿಗೆ ಒಗ್ಗಿದ ನಿಯಮವನ್ನು ಅತ್ತಿಗೆಯ ಸೆರಗಿನಲ್ಲಿರುವ ಫೋನಿಗೆ ಹಚ್ಚಿದ. ಅವನಿಗೆ ಬೇಕಾದ ಮೂರು ಕೆಲಸದ ಹೆಸರನ್ನು ಅವನು ಹೇಳಬಲ್ಲ, ಅವು ವಿಂಡೋಸಿನಲ್ಲಿ ಇಲ್ಲ ಅಂತ ತೋರಿಸಬಲ್ಲ. ಅತ್ತಿಗೆಯ ನಾಲ್ಕು ಕೆಲಸವೂ ಅವರ ಫೋನಿನಲ್ಲಿ ಇದ್ದವು.

ರಾತ್ರಿ ಹನ್ನೊಂದಕ್ಕೆ ಆ ಆ್ಯಪ್ ತೆಗೆದೆವು. ತೆಗೆಯುವ ಮೊದಲು ಅದರ ಫೋಲ್ಡರಿನಲ್ಲಿದ್ದ ಸಂಘದ ಚಿತ್ರಗಳನ್ನು ಬೇರೆ ಕಡೆಗೆ ನಕಲು ಮಾಡಿಕೊಂಡೆವು. ಹಾಗೆ ಮಾಡದಿದ್ದರೆ ಆ್ಯಪಿನ ಜೊತೆ ಅವೂ ಹೋಗಬಹುದು. ಆಮೇಲೆ ಸೆಟ್ಟಿಂಗ್ಸಿನಲ್ಲಿ `Special app access` ಒಳಗೆ ಹೋಗಿ `Display over other apps` ತೆರೆದು ನೋಡಿದೆವು. ಅಲ್ಲಿ ಇನ್ನೂ ಎರಡು ಆ್ಯಪ್ ಸುಮ್ಮನೆ ಕೂತಿದ್ದವು, ಒಂದು ಟಾರ್ಚಿನದು. ಟಾರ್ಚಿಗೆ ಬೇರೆಯವರ ಪರದೆಯ ಮೇಲೆ ಏನು ಕೆಲಸ? ಅದನ್ನೂ ತೆಗೆದೆವು.

ಬೆಳಗ್ಗೆ ಕಾಫಿ ಕುಡಿಯುವಾಗ ಅತ್ತಿಗೆ ಮೆಲ್ಲಗೆ ನಿಜವಾದ ಕಾರಣ ಹೇಳಿದರು. "ಎಲ್ಲಾ ಸರಿ ಕಣಪ್ಪ. ಆದರೆ ನನ್ನ ಫೋನಿನ ಸೌಂಡ್ ಬಟನ್ ಕೂತುಹೋಗಿದೆ. ಗಟ್ಟಿಯಾಗಿ ಒತ್ತಿದರೆ ಮಾತ್ರ, ಅದೂ ಹತ್ತು ಸಲಕ್ಕೆ ಒಂದು ಸಲ. ಅದಕ್ಕೇ ಆ ತೇಲೋ ಗುರುತು ಬೇಕಾಗಿತ್ತು." ನಾವಿಬ್ಬರು ಒಂದೂವರೆ ಗಂಟೆ ಜಗಳ ಆಡಿದ್ದೆವು, ಇದೊಂದನ್ನು ಕೇಳಿರಲಿಲ್ಲ.

ಅದಕ್ಕೂ ಫೋನಿನಲ್ಲೇ ದಾರಿ ಇತ್ತು. ಬಹಳ ಕಂಪನಿಯ ಫೋನುಗಳಲ್ಲಿ ಮೂರು ಬೆರಳನ್ನು ಪರದೆಯ ಮೇಲೆ ಕೆಳಕ್ಕೆ ಎಳೆದರೆ ಸ್ಕ್ರೀನ್‌ಶಾಟ್ ಬರುತ್ತದೆ. ಅವರ ಫೋನಿನಲ್ಲಿ ಅದು ಇರಲಿಲ್ಲ. ಸೆಟ್ಟಿಂಗ್ಸಿನ `Accessibility` ಒಳಗೆ `Accessibility Menu` ಅಂತ ಇದೆ, ಆಂಡ್ರಾಯ್ಡ್ 9ರಿಂದ ಈಚೆಗೆ ಬಂದದ್ದು, ಬಟನ್ ಒತ್ತಲು ಕಷ್ಟವಾಗುವವರಿಗೆಂದೇ ಮಾಡಿದ್ದು. ಆನ್ ಮಾಡಿದರೆ ಪರದೆಯ ಅಂಚಿನಲ್ಲಿ ಚಿಕ್ಕ ಗುರುತು ಬರುತ್ತದೆ, ಮುಟ್ಟಿದರೆ ದೊಡ್ಡ ದೊಡ್ಡ ಚೌಕಗಳು, ಅದರಲ್ಲಿ ಒಂದು `Screenshot`. ಅತ್ತಿಗೆ ಮುಟ್ಟಿ ನೋಡಿದರು. ಜಾಹೀರಾತು ಬರಲಿಲ್ಲ. ಇನ್ನೊಮ್ಮೆ ಮುಟ್ಟಿದರು.

"ಇದೂ ತೇಲುತ್ತಲ್ಲೋ" ಅಂದರು. "ಸರಿ ಬಿಡು, ಇದು ನಮ್ಮ ಮನೆಯದೇ."

ಹತ್ತೂವರೆಯ ಬಸ್ಸಿಗೆ ಹೊರಟರು. ಮಧ್ಯಾಹ್ನ ಅವರಿಂದ ಒಂದು ಚಿತ್ರ ಬಂತು, ಸಂಘದ ಪಟ್ಟಿ, ಖಾತೆ ನಂಬರಿನ ಮೇಲೆ ಕಪ್ಪು ಬಣ್ಣ. ಬ್ರೈಟ್‌ನೆಸ್ ಏರಿಸಿ ನೋಡಿದೆ. ಏನೂ ಕಾಣಲಿಲ್ಲ.